"ಪಿಪ್ ನಾಚಿಕೊಂಡದ್ದು ಸರಿಯೇ?" ಈ ಪ್ರಶ್ನೆ ಯಾಕೆ ಎರಡೇ ನಿಮಿಷದಲ್ಲಿ ಮುಗಿದುಹೋಯಿತು?

ಸಂಜೆ ಓದು

ನಾನು ಹದಿಮೂರರಿಂದ ಹದಿನಾರು ವಯಸ್ಸಿನ ಒಂಬತ್ತು ಮಕ್ಕಳ ಓದು ಬಳಗ ನಡೆಸುತ್ತಿದ್ದೇನೆ. ಈ ಸಲ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಓದುತ್ತಿದ್ದೇವೆ. ಓದದವರಿಗೆ ಕಥೆ ಇಷ್ಟು: ಪಿಪ್ ಅಪ್ಪ ಅಮ್ಮ ಇಲ್ಲದ ಹುಡುಗ. ಅವನ ಅಕ್ಕನ ಗಂಡ ಜೋ ಒಬ್ಬ ಕಮ್ಮಾರ, ಆ ಮನೆಯಲ್ಲಿ ಪಿಪ್‌ನನ್ನು ನಿಜವಾಗಿ ಪ್ರೀತಿಸುವವನು ಅವನೊಬ್ಬನೇ. ಆಮೇಲೆ ಯಾರೋ ಹೆಸರು ಹೇಳದೆ ಪಿಪ್‌ಗೆ ಹಣ ಕೊಡುತ್ತಾರೆ. ಅವನು ದೊಡ್ಡ ಮನುಷ್ಯನಾಗಲು ಲಂಡನ್‌ಗೆ ಹೋಗುತ್ತಾನೆ, ಅಲ್ಲಿಗೆ ಜೋ ಅವನನ್ನು ನೋಡಲು ಬರುತ್ತಾನೆ.

ಜೋ ಬರುವ ಆ ಅಧ್ಯಾಯ, ಅಂದರೆ 27ನೆಯದು, ನನಗೆ ಇಡೀ ಪುಸ್ತಕದ ಜೀವ. ಮಕ್ಕಳಿಗೂ ಹಾಗೇ ತಟ್ಟುತ್ತದೆ ಅಂದುಕೊಂಡು ಅದನ್ನೇ ಮೊದಲ ಪ್ರಶ್ನೆಯಾಗಿ ಇಟ್ಟೆ. "ಪಿಪ್ ಜೋನನ್ನು ಕಂಡು ನಾಚಿಕೊಂಡದ್ದು ಸರಿಯೇ?" ಒಬ್ಬಳು "ತಪ್ಪು, ಅವನೇ ತಾನೆ ಸಾಕಿದ್ದು" ಅಂದಳು. ಉಳಿದವರೆಲ್ಲ ತಲೆಯಾಡಿಸಿದರು. ಎರಡು ನಿಮಿಷವೂ ಆಗಿರಲಿಲ್ಲ, ಎಲ್ಲರೂ ನನ್ನ ಮುಖ ನೋಡುತ್ತಾ ಮುಂದಿನ ಪ್ರಶ್ನೆಗೆ ಕಾಯುತ್ತಿದ್ದರು. ಹನ್ನೆರಡು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಖಾಲಿ.

ಮಕ್ಕಳು ಓದಿಲ್ಲ ಅಂತಲ್ಲ, ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ಓದಿದ್ದರು. ಎಲ್ಲಿ ಎಡವಿದೆ? ಬರುವ ಶನಿವಾರ ಇದೇ ಅಧ್ಯಾಯವನ್ನು ಇನ್ನೊಮ್ಮೆ ಎತ್ತಿಕೊಳ್ಳಬೇಕು ಅಂತಿದ್ದೇನೆ. ಪ್ರಶ್ನೆ ಹೇಗಿರಬೇಕು ಹೇಳಿ.

ಮೇಷ್ಟ್ರು ಮನೆ

ಮೇಡಂ, ನನ್ನ ಹತ್ತಿರ ಈ ಕಾದಂಬರಿಯ ಪ್ರಶ್ನೆಗಳು ಸಿದ್ಧವಾಗಿಯೇ ಇವೆ. ಜೋನ ಪಾತ್ರ ಚಿತ್ರಣ ಬರೆಯಿರಿ. ಪಿಪ್ ಮೊದಲು ಸ್ಮಶಾನದಲ್ಲಿ ಯಾರನ್ನು ಭೇಟಿಯಾದ? ಅವನಿಗೆ ಏನು ತಂದುಕೊಟ್ಟ? ಶ್ರೀಮಂತ ಮುದುಕಿ ಮಿಸ್ ಹ್ಯಾವಿಶಮ್ ಮನೆಯ ಗಡಿಯಾರಗಳು ಯಾಕೆ ನಿಂತಿದ್ದವು? ಹೀಗೆ ಅಧ್ಯಾಯಕ್ಕೆ ಐದರಂತೆ ಇವೆ. ಉತ್ತರಗಳನ್ನೂ ಬರೆದಿಟ್ಟಿದ್ದೇನೆ, ಪರೀಕ್ಷೆಗೆ ತುಂಬಾ ಉಪಯೋಗ. ಬೇಕಿದ್ದರೆ ಹಾಕುತ್ತೇನೆ.

ಸಂಜೆ ಓದು

ಧನ್ಯವಾದ ಸರ್. ಆದರೆ ಇದು ಪರೀಕ್ಷೆಗಲ್ಲ. ಮಕ್ಕಳು ತಮ್ಮ ಇಷ್ಟಕ್ಕೆ ಬರುತ್ತಾರೆ, ಅಂಕ ಇಲ್ಲ. ಅವರು ಒಬ್ಬರ ಜೊತೆ ಒಬ್ಬರು ಮಾತಾಡಬೇಕು ಅನ್ನುವುದಷ್ಟೇ ನನ್ನ ಆಸೆ.

ನೇರ ಮಾತು

ನಿಮ್ಮ ಪ್ರಶ್ನೆ ಪುಸ್ತಕದ ಬಗ್ಗೆ ಇದೆ, ಮಕ್ಕಳ ಬಗ್ಗೆ ಇಲ್ಲ. ಅದೇ ತೊಂದರೆ. ಪಿಪ್‌ನನ್ನು ಪಕ್ಕಕ್ಕಿಡಿ. "ನಿಮ್ಮ ಮನೆಯವರ ಬಗ್ಗೆ ನಿಮಗೆ ನಾಚಿಕೆಯಾದದ್ದು ಉಂಟಾ? ಯಾವಾಗ?" ಅಂತ ಕೇಳಿ. ಆ ವಯಸ್ಸಿನಲ್ಲಿ ಎಲ್ಲರಿಗೂ ಆಗಿರುತ್ತದೆ. ಒಬ್ಬರು ಬಾಯಿ ಬಿಟ್ಟರೆ ಸಾಕು, ಉಳಿದವರು ತಾವಾಗಿಯೇ ಮಾತಾಡುತ್ತಾರೆ. ಇದು ಬೆಳೆಯುವ ಹುಡುಗನ ಕಥೆ. ಓದುವವರೂ ಬೆಳೆಯುತ್ತಿರುವವರೇ, ಅಲ್ವಾ? ಅವರ ಜೀವನಕ್ಕೆ ತಂದು ಜೋಡಿಸದೇ ಹೋದರೆ ಸುಮ್ನೆ ಓದಿಸಿದ ಹಾಗೆ.

ಕಾಡುಮಲ್ಲಿಗೆ

ದಯವಿಟ್ಟು ಹಾಗೆ ಮಾಡಬೇಡಿ. ನನ್ನ ಮಗ ಒಂದು ಓದು ಬಳಗಕ್ಕೆ ಹೋಗುತ್ತಿದ್ದ. ಬೇರೆ ಕಾದಂಬರಿ, ಆದರೆ ಹೆಚ್ಚು ಕಡಿಮೆ ಇದೇ ಪ್ರಶ್ನೆ ಕೇಳಿದರಂತೆ. ಅವನು ನಂಬಿಕೆಯಿಂದ ಅಪ್ಪನ ಕೆಲಸದ ಬಗ್ಗೆ ಒಂದು ಮಾತು ಹೇಳಿದ. ಆ ಹೊತ್ತಿಗೆ ಯಾರೂ ನಗಲಿಲ್ಲ. ಎರಡು ವಾರ ಆದ ಮೇಲೆ ಬೇರೆಲ್ಲೋ ಜಗಳ ಬಂದಾಗ ಒಬ್ಬ ಹುಡುಗ ಅದೇ ಮಾತನ್ನು ಎತ್ತಿ ಎಲ್ಲರ ಎದುರಿಗೆ ಆಡಿದ. ನನ್ನ ಮಗ ಬಳಗ ಬಿಟ್ಟ, ಆಮೇಲೆ ಕಥೆಪುಸ್ತಕ ಮುಟ್ಟುವುದನ್ನೂ ಬಿಟ್ಟ. ನಡೆಸುತ್ತಿದ್ದವರು ಕೆಟ್ಟವರಲ್ಲ, ಅವರಿಗೆ ಇದೆಲ್ಲ ಗೊತ್ತೇ ಆಗಲಿಲ್ಲ. ದೊಡ್ಡವರಿಗೆ ಆ ಕೋಣೆಯಲ್ಲಿ ನಡೆಯುವುದು ಮಾತ್ರ ಕಾಣುತ್ತದೆ. ಮಕ್ಕಳು ಹೊರಗೂ ಒಟ್ಟಿಗೇ ಇರುತ್ತಾರಲ್ಲ.

ನೇರ ಮಾತು

ಅದು ಕೇಳಿ ಬೇಜಾರಾಯಿತು. ಆದರೆ ಅಂಥ ಮಾತು ಬರಲೇಬಾರದು ಅಂದರೆ ಈ ಪುಸ್ತಕ ಯಾಕೆ ಓದಬೇಕು?

ಹಳೇ ಪುಟ

ಬರಬೇಕು, ಆದರೆ ಪುಸ್ತಕದ ಮೂಲಕ ಬರಬೇಕು. ನೇರ ಮಾತು ಅವರು ಹೇಳಿದ್ದರಲ್ಲಿ ಅರ್ಧ ಸರಿ. ಆ ಅಧ್ಯಾಯ ಮಕ್ಕಳ ಜೀವನಕ್ಕೆ ತಾಗಲೇಬೇಕು. ಆದರೆ ನೇರವಾಗಿ ಕೇಳಿದರೆ ಎರಡು ಥರದ ಉತ್ತರ ಬರುತ್ತದೆ. ಜಾಣ ಮಕ್ಕಳು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾರೆ. ನಂಬುವ ಮಕ್ಕಳು ಕಾಡುಮಲ್ಲಿಗೆ ಅವರ ಮಗನ ಹಾಗೆ ನೋವು ತಿನ್ನುತ್ತಾರೆ. ಪಿಪ್ ಇರುವುದೇ ಇದಕ್ಕೆ. ಅವನ ಹೆಸರಿನ ಹಿಂದೆ ನಿಂತು ಮಗು ತನ್ನ ಮಾತನ್ನೇ ಆಡಬಹುದು, ಅದು ತನ್ನ ಮಾತು ಅಂತ ಒಪ್ಪಿಕೊಳ್ಳುವ ಗರಜು ಬೀಳುವುದಿಲ್ಲ.

ಈಗ ಸಂಜೆ ಓದು ಅವರ ಪ್ರಶ್ನೆಗೆ ಬರುತ್ತೇನೆ. "ಸರಿಯೇ" ಅಂತ ಕೇಳಿದಿರಿ. ಅದಕ್ಕೆ ದೊಡ್ಡವರಿಗೆ ಇಷ್ಟವಾಗುವ ಉತ್ತರ ಒಂದೇ ಇದೆ, ಅದು ಯಾವುದು ಅಂತ ಆ ಒಂಬತ್ತು ಮಕ್ಕಳಿಗೂ ಗೊತ್ತು. ಅಷ್ಟೇ ಅಲ್ಲ, ಆ ಉತ್ತರವನ್ನು ಪುಸ್ತಕವೇ ಕೊಟ್ಟುಬಿಟ್ಟಿದೆ. ಜೋ ಮುಜುಗರಪಟ್ಟದ್ದಕ್ಕೆ ನಾನೇ ಕಾರಣ, ನಾನು ಸಲೀಸಾಗಿ ನಡೆದುಕೊಂಡಿದ್ದರೆ ಅವನೂ ಸಲೀಸಾಗಿ ಇರುತ್ತಿದ್ದ, ಇಷ್ಟು ತಿಳಿಯುವ ಬುದ್ಧಿಯೂ ಮನಸ್ಸೂ ನನಗಿರಲಿಲ್ಲ ಅಂತ ಪಿಪ್ ಆ ಅಧ್ಯಾಯದಲ್ಲೇ ಬರೆಯುತ್ತಾನೆ. ತಪ್ಪು ಮಾಡಿದವನೇ ತಪ್ಪೊಪ್ಪಿಕೊಂಡು ಕೂತಿದ್ದಾನೆ. ಆಮೇಲೆ ಮಕ್ಕಳಿಗೆ ತೀರ್ಪು ಕೊಡಲು ಏನು ಉಳಿಯಿತು?

ಆದರೆ ಆ ಮಾತು ಹೇಳುತ್ತಿರುವ ಪಿಪ್ ಯಾರು? ಕೋಣೆಯಲ್ಲಿ ಜೋನ ಎದುರು ಕೂತು ಚಡಪಡಿಸುತ್ತಿರುವ ಹುಡುಗ ಅಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಕೂತು ಬರೆಯುತ್ತಿರುವ ದೊಡ್ಡವನು. ಈ ಪುಸ್ತಕದಲ್ಲಿ 'ನಾನು' ಅಂದರೆ ಇಬ್ಬರು, ಅನುಭವಿಸಿದವನು ಒಬ್ಬ, ಹೇಳುತ್ತಿರುವವನು ಇನ್ನೊಬ್ಬ. ಬೆಳೆದು ದೊಡ್ಡವನಾದವನು ತಾನೇ ಹೇಳಿಕೊಳ್ಳುವ ಕಥೆಗಳಲ್ಲಿ ಬೆಳವಣಿಗೆ ಅನ್ನುವುದು ಈ ಇಬ್ಬರ ನಡುವಿನ ದೂರದಲ್ಲೇ ಇರುತ್ತದೆ. ನಿಮ್ಮ ಪ್ರಶ್ನೆಗಳನ್ನು ಅಲ್ಲಿ ಇಡಿ.

ಸಂಜೆ ಓದು

ಇದು ನನಗೆ ಹೊಳೆದಿರಲಿಲ್ಲ. ಆದರೆ "ಇಲ್ಲಿ ಎಷ್ಟು ಪಿಪ್ ಇದ್ದಾರೆ" ಅಂತ ಹದಿಮೂರರ ಹುಡುಗನಿಗೆ ಹೇಗೆ ಕೇಳುವುದು? ಪಾಠ ಮಾಡಿದ ಹಾಗೆ ಆಗುವುದಿಲ್ಲವೇ?

ಹಳೇ ಪುಟ

ಹಾಗೆ ಕೇಳಬೇಡಿ. ಕೈಗೆ ಕೆಲಸ ಕೊಡಿ. ನಾನು ಈ ಅಧ್ಯಾಯವನ್ನು ಮೂರು ಗುಂಪುಗಳ ಜೊತೆ ಓದಿದ್ದೇನೆ, ಮಾಡಿದ್ದನ್ನು ಹೇಳುತ್ತೇನೆ.

ಮೊದಲು ಜೋ ಮೆಟ್ಟಿಲು ಹತ್ತುವಲ್ಲಿಂದ ಹೊರಟುಹೋಗುವವರೆಗೆ ಗಟ್ಟಿಯಾಗಿ ಓದಿಸಿ. ಮೂರು ನಾಲ್ಕು ಜನ ಹಂಚಿಕೊಂಡು ಓದಲಿ. ಮನೆಯಲ್ಲಿ ಓದಿ ಬಂದಿದ್ದರೂ ಇದು ಬೇಕು, ಯಾಕೆಂದರೆ ಓದದೆ ಬಂದವರೂ ಆಗ ಒಳಗೆ ಬರುತ್ತಾರೆ. ಮೇಷ್ಟ್ರು ಮನೆ ಅವರ ಪ್ರಶ್ನೆಗಳು ಇಲ್ಲಿ ಎರಡು ಮೂರು ಬಂದರೆ ಒಳ್ಳೆಯದೇ. ಜೋ ಯಾಕೆ ಬಂದ, ಯಾರ ಸುದ್ದಿ ತಂದ ಅನ್ನುವುದು ಗಟ್ಟಿಯಾಗದೆ ಮುಂದೆ ಹೋಗಬಾರದು.

ಆಮೇಲೆ ಒಂದೇ ಕೆಲಸ. ಜೋ ಅವನನ್ನು ಎಲ್ಲಿ 'ಪಿಪ್' ಅಂತ ಕರೆಯುತ್ತಾನೆ, ಎಲ್ಲಿ 'ಸರ್' ಅನ್ನುತ್ತಾನೆ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ಬಾಗಿಲಲ್ಲಿ ಎರಡೂ ಕೈ ಹಿಡಿದುಕೊಂಡಾಗ 'ಪಿಪ್'. ಒಳಗೆ ಬಂದು, ಟೋಪಿ ಎಲ್ಲಿ ಇಡಬೇಕು ಅಂತ ತಿಳಿಯದೆ ಬೆಂಕಿಗೂಡಿನ ಮೇಲೆ ಇಟ್ಟು, ಅದು ಬಿದ್ದು ಬಿದ್ದು ಎತ್ತಿಕೊಳ್ಳುವ ಹೊತ್ತಿಗೆ 'ಸರ್' ನುಸುಳಿರುತ್ತದೆ. ಗೆಳೆಯ ಹರ್ಬರ್ಟ್ ಎದ್ದು ಹೋಗಿ ಇಬ್ಬರೇ ಉಳಿದ ಮೇಲೂ 'ಸರ್' ಹೋಗುವುದಿಲ್ಲ. ಕೊನೆಗೆ ಹೊರಡುವಾಗ, ಬದುಕು ಅಂದರೆ ಬೆಸೆದ ಅಗಲಿಕೆಗಳು ಅನ್ನುವ ಆ ಮಾತಿಗೆ ಮತ್ತೆ 'ಪಿಪ್'. ಈಗ ಕೇಳಿ: "ಯಾವ ಸಾಲಿನಲ್ಲಿ ಬದಲಾಯಿತು? ಅದಕ್ಕೆ ಮುಂಚೆ ಏನಾಯಿತು?" ಇದಕ್ಕೆ ಮುಖ ನೋಡಿ ಉತ್ತರ ಹೇಳಲು ಆಗುವುದಿಲ್ಲ. ಪುಟ ತಿರುಗಿಸಬೇಕು. ಪುಟ ತಿರುಗಿಸುವ ಸದ್ದು ಕೇಳಿದರೆ ಪ್ರಶ್ನೆ ನಡೆಯುತ್ತಿದೆ ಅಂತ ಅರ್ಥ.

ನಮ್ಮ ಭಾಷೆಯಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಇದೆ. ಆ ದೃಶ್ಯವನ್ನು ಕನ್ನಡದಲ್ಲಿ ಆಡಿ ತೋರಿಸಿ ಅನ್ನಿ. ಜೋ ಎಲ್ಲಿ 'ನೀನು' ಅನ್ನುತ್ತಾನೆ, ಎಲ್ಲಿ 'ನೀವು'? ಎರಡನೇ ಗುಂಪಿನಲ್ಲಿ ಇದರ ಮೇಲೇ ಅರ್ಧ ಗಂಟೆ ಜಗಳವಾಯಿತು. ಒಬ್ಬಳು ಹೇಳಿದಳು, ಜೋ 'ನೀವು' ಅನ್ನುವುದು ಗೌರವಕ್ಕಲ್ಲ, ಪಿಪ್ ತನಗೆ ಅದೇ ಬೇಕು ಅಂತ ಮುಖದಲ್ಲೇ ಹೇಳುತ್ತಿದ್ದಾನೆ, ಅದಕ್ಕೆ. ಇನ್ನೊಬ್ಬ ಒಪ್ಪಲಿಲ್ಲ. ಜೋನಿಗೆ ಸಿಟ್ಟು ಬಂದಿದೆ, ಸಿಟ್ಟು ಬಂದಾಗ ನನ್ನಮ್ಮನೂ 'ನೀವು' ಅನ್ನುತ್ತಾರೆ ಅಂದ. ನೇರ ಮಾತು ಅವರೇ, ಅವನ ಮನೆಯ ಮಾತು ಅಲ್ಲಿ ಬಂತು ನೋಡಿ, ಯಾರೂ ಕೇಳದೆ. ಎಷ್ಟು ಹೇಳಬೇಕು ಅಂತ ಅವನೇ ಅಳೆದುಕೊಂಡ.

ಹದಿನೈದೂವರೆ

ನಾನು ಇಂಥದೇ ಒಂದು ಬಳಗದಲ್ಲಿ ಇದ್ದೇನೆ, ಅಂದರೆ ಪ್ರಶ್ನೆ ಕೇಳಿಸಿಕೊಳ್ಳುವ ಕಡೆ. ಒಂದು ಮಾತು ಹೇಳಬಹುದಾ? 'ಯಾಕೆ' ಅಂತ ಶುರುವಾಗುವ ಪ್ರಶ್ನೆ ಬಂದ ತಕ್ಷಣ ನಮಗೆ ಸಿಕ್ಕಿಬಿದ್ದ ಹಾಗೆ ಆಗುತ್ತದೆ. ಮನೆಯಲ್ಲೂ 'ಯಾಕೆ ಲೇಟು', 'ಯಾಕೆ ಓದಿಲ್ಲ' ಅಂತಲೇ ಕೇಳುವುದು. ಅದೇ ದನಿ ಅನ್ನಿಸುತ್ತದೆ. ಇನ್ನೊಂದು, ಪ್ರಶ್ನೆ ಕೇಳಿದವರು ನಾವು ಯೋಚನೆ ಮಾಡುವಷ್ಟರಲ್ಲೇ ತಾವೇ ಉತ್ತರ ಹೇಳಿಬಿಡುತ್ತಾರೆ.

ಹಳೇ ಪುಟ

ಎರಡೂ ಸರಿ ಕಣಮ್ಮ. ಮಕ್ಕಳ ಜೊತೆ ಪುಸ್ತಕದ ಮಾತುಕತೆ ಬಗ್ಗೆ ತುಂಬಾ ಯೋಚಿಸಿದ ಏಡನ್ ಚೇಂಬರ್ಸ್ ಅನ್ನುವವರು 1993ರಲ್ಲೇ ನೀನು ಹೇಳಿದ್ದನ್ನು ಬರೆದಿದ್ದಾರೆ. 'ಯಾಕೆ' ಬಿಟ್ಟು 'ಹೇಳು ನೋಡೋಣ' ಅಂತ ಶುರುಮಾಡಿ ಅಂತ ಅವರ ಸಲಹೆ. ಇಷ್ಟವಾದದ್ದು, ಇಷ್ಟವಾಗದ್ದು, ಅರ್ಥವಾಗದೆ ಉಳಿದದ್ದು, ಮತ್ತೆ ಮತ್ತೆ ಬಂದದ್ದು, ಈ ನಾಲ್ಕನ್ನು ಮಕ್ಕಳಿಂದಲೇ ಹೇಳಿಸಿ ಬರೆದುಕೊಂಡರೆ ಚರ್ಚೆಗೆ ಬೇಕಾದ ಪ್ರಶ್ನೆ ಅದರೊಳಗೇ ಇರುತ್ತದೆ. ನನಗೆ ಅರ್ಥವಾಗದೆ ಉಳಿದದ್ದರ ಪಟ್ಟಿಯೇ ಯಾವಾಗಲೂ ಕೆಲಸಕ್ಕೆ ಬಂದಿದೆ.

ಕಾಯುವುದರ ಬಗ್ಗೆಯೂ ನೀನು ಹೇಳಿದ್ದು ನಿಜ. ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ತರಗತಿಗಳಲ್ಲಿ ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಅಷ್ಟು ಸಣ್ಣ ಹೊತ್ತು ಕಾಯುವುದಕ್ಕೂ ನನಗೆ ಅಭ್ಯಾಸ ಬೇಕಾಯಿತು.

ಮೇಷ್ಟ್ರು ಮನೆ

ಇದು ಒಳ್ಳೆಯ ಮಾತು. ನಾನು ಮೊದಲು ಪ್ರಶ್ನೆಯನ್ನು ತಪ್ಪಾಗಿ ತಿಳಿದೆ. ಆದರೆ ಒಂದು ಅನುಮಾನ. ನನ್ನ ಹತ್ತಿರ ಇರುವ ಪುಸ್ತಕ ಮಕ್ಕಳಿಗಾಗಿ ಚಿಕ್ಕದು ಮಾಡಿದ್ದು. ಈಗ ತೆಗೆದು ನೋಡಿದೆ. ಜೋ ಬಂದ, ಟೋಪಿ ಬಿತ್ತು, ಜೋ ಹೋದ, ಅಷ್ಟೇ ಇದೆ. ನೀವು ಹೇಳಿದ ಆ ತಪ್ಪೊಪ್ಪಿಗೆ ಸಾಲು ಇಲ್ಲವೇ ಇಲ್ಲ.

ಹಳೇ ಪುಟ

ಸರ್, ನೀವು ಹೇಳಿದ್ದು ಬಹಳ ಮುಖ್ಯ. ಚಿಕ್ಕದು ಮಾಡುವವರು ಘಟನೆ ಉಳಿಸಿಕೊಳ್ಳುತ್ತಾರೆ, ಯೋಚನೆ ತೆಗೆದುಹಾಕುತ್ತಾರೆ. ಹಾಗಾಗಿ ಕಥೆ ಪೂರ್ತಿ ಇರುತ್ತದೆ, ಹೇಳುತ್ತಿರುವ ದೊಡ್ಡ ಪಿಪ್ ಮಾತ್ರ ಮಾಯವಾಗುತ್ತಾನೆ. ಆಗ ಉಳಿಯುವುದು ಹಣ ಬಂದ ಹುಡುಗನ ಸಾಹಸ. ಬಳಗದಲ್ಲಿ ಕೆಲವರ ಕೈಯಲ್ಲಿ ಪೂರ್ತಿ ಪುಸ್ತಕ, ಕೆಲವರ ಕೈಯಲ್ಲಿ ಚಿಕ್ಕದು ಇದ್ದರೆ ಒಂದೇ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಪುಸ್ತಕದಿಂದ ಉತ್ತರ ಕೊಡುತ್ತಿರುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ.

ಪರೀಕ್ಷಿಸಲು ಒಂದು ಜಾಗ ಹೇಳುತ್ತೇನೆ. ಅದೇ 27ನೇ ಅಧ್ಯಾಯದ ಆರಂಭ. ಜೋ ಬರುತ್ತಾನೆ ಅಂತ ಊರಿನ ಗೆಳತಿ ಬಿಡ್ಡಿಯ ಪತ್ರ ಬಂದಿದೆ. ಹಣ ಕೊಟ್ಟು ತಪ್ಪಿಸಲು ಆಗುತ್ತಿದ್ದರೆ ಕೊಟ್ಟೇಬಿಡುತ್ತಿದ್ದೆ ಅನ್ನುತ್ತಾನೆ ಪಿಪ್. ಆಮೇಲೆ ಒಂದು ವಿಚಿತ್ರ ಮಾತು ಹೇಳುತ್ತಾನೆ. ಹರ್ಬರ್ಟ್ ಜೋನನ್ನು ನೋಡಿದರೆ ಅವನಿಗೆ ಅಷ್ಟೇನೂ ಬೇಜಾರಿಲ್ಲ. ಹರ್ಬರ್ಟ್ ಅವನಿಗೆ ಬೇಕಾದ ಗೆಳೆಯ, ಗೌರವ ಇರುವವನು. ಆದರೆ ಜೊತೆಗೆ ಓದುವ ಡ್ರಮ್ಮಲ್ ನೋಡಿಬಿಟ್ಟರೆ ಅನ್ನುವುದೇ ಭಯ. ಡ್ರಮ್ಮಲ್ ಅಂದರೆ ಅವನಿಗೆ ತಾತ್ಸಾರ! ಯಾರನ್ನು ನಾವು ಕೀಳಾಗಿ ಕಾಣುತ್ತೇವೋ ಅವರ ಮುಂದೆ ಚೆನ್ನಾಗಿ ಕಾಣಲಿಕ್ಕೇ ನಮ್ಮ ಕೆಟ್ಟ ಕೆಲಸಗಳನ್ನು ಮಾಡುತ್ತೇವೆ ಅನ್ನುವ ಅರ್ಥದ ಸಾಲು ಅಲ್ಲೇ ಇದೆ. ಈ ಭಾಗ ನಿಮ್ಮ ಪ್ರತಿಯಲ್ಲಿ ಇಲ್ಲದಿದ್ದರೆ ಆ ಎರಡು ಪುಟ ಪೂರ್ತಿ ಪುಸ್ತಕದಿಂದ ತೆಗೆದು ಎಲ್ಲರಿಗೂ ಕೊಡಿ.

ಸಂಜೆ ಓದು ಅವರೇ, ನಿಮ್ಮ "ಸರಿಯೇ" ಪ್ರಶ್ನೆಯ ಜಾಗಕ್ಕೆ ನಾನು ಇಡುವ ಪ್ರಶ್ನೆ ಇದು: "ಜೋ ಬಂದಾಗ ಪಿಪ್ ಯಾರ ಕಣ್ಣಿಗೆ ಹೆದರಿದ? ಅವನು ಆ ಕೋಣೆಯಲ್ಲಿ ಇದ್ದಾನಾ?"

ಹದಿನೈದೂವರೆ

ಅಯ್ಯೋ. ಇದು ನನಗೆ ಗೊತ್ತು. ಇಷ್ಟವೇ ಇಲ್ಲದವರು ಏನಂದುಕೊಳ್ಳುತ್ತಾರೋ ಅಂತ ಮಾಡುವುದು. ಇದನ್ನು ಯಾರಾದರೂ ಕೇಳಿದ್ದರೆ ನಾನು ಮಾತಾಡುತ್ತಿದ್ದೆ.

ನೇರ ಮಾತು

ಸರಿ, ಒಪ್ಪಿದೆ. ನಾನು ಕೇಳಬೇಕು ಅಂದುಕೊಂಡದ್ದೇ ಇದು, ಸುತ್ತಿ ಬಂತು ಅಷ್ಟೇ. ಆದರೂ ನನಗೊಂದು ಕೊರತೆ ಕಾಣುತ್ತಿದೆ. ಕೊನೆಯವರೆಗೂ ಪಿಪ್ ಹೆಸರಿನ ಹಿಂದೆಯೇ ನಿಂತರೆ, ಮಗು ತನ್ನ ಮಾತನ್ನು ತನ್ನದು ಅಂತ ಹೇಳುವುದು ಯಾವಾಗ?

ಕಾಡುಮಲ್ಲಿಗೆ

ಒಂದು ಚೀಟಿ ಕೊಟ್ಟು ಬರೆದುಕೊಳ್ಳಲು ಹೇಳಬಹುದು. ಮನೆಗೆ ತೆಗೆದುಕೊಂಡು ಹೋಗಲಿ, ಯಾರಿಗೂ ತೋರಿಸುವುದು ಬೇಡ, ಮೇಡಂಗೂ ಬೇಡ.

ಗಡಿಯಾರ ನಿಂತ ಮನೆ

ನಾನು ತಡವಾಗಿ ಬಂದೆ. ಒಂದು ಎಚ್ಚರಿಕೆ ಹೇಳಬೇಕು. ಸಿದ್ಧ ಪ್ರಶ್ನೆಗಳ ಪಟ್ಟಿ ತೆಗೆದುಕೊಂಡರೆ ಮೊದಲು ಪೂರ್ತಿ ಓದಿ. ನಾನು ಒಂದು ಪಟ್ಟಿಯನ್ನು ಹಾಗೇ ಹಂಚಿಬಿಟ್ಟೆ. ಅದರ ಎರಡನೇ ಪ್ರಶ್ನೆಯಲ್ಲೇ ಹಣ ಕೊಟ್ಟವರು ಯಾರು ಅಂತ ಬರೆದಿತ್ತು. ಮಕ್ಕಳು ಹತ್ತನೇ ಅಧ್ಯಾಯದಲ್ಲಿದ್ದರು. ಒಬ್ಬ ಹುಡುಗ ಪುಸ್ತಕ ಮುಚ್ಚಿ "ಇನ್ನೇನು ಓದುವುದು" ಅಂದ. ಇಲ್ಲೂ ಓದುತ್ತಿರುವ ಮಕ್ಕಳು ಇರಬಹುದು, ಅದಕ್ಕೆ ನಾನು ಹೆಸರು ಹೇಳುವುದಿಲ್ಲ. ಮುಂದೆ ಬರೆಯುವವರೂ ಹೇಳಬೇಡಿ.

ಆಮೇಲೆ ನಾನು ಭೇಟಿಗಳನ್ನು ಪುಸ್ತಕ ಎಲ್ಲಿ ನಿಲ್ಲುತ್ತದೋ ಅಲ್ಲೇ ಇಡಲು ಶುರುಮಾಡಿದೆ. 59 ಅಧ್ಯಾಯ ಇವೆ. ಡಿಕನ್ಸ್ ತಾನೇ ಅದನ್ನು ಮೂರು ಘಟ್ಟ ಮಾಡಿದ್ದಾನೆ, 19ಕ್ಕೆ ಒಂದು ಮುಗಿಯುತ್ತದೆ, 39ಕ್ಕೆ ಇನ್ನೊಂದು. ಹೊಸ ಬಳಗಕ್ಕೆ ಮೊದಲ ಭೇಟಿಯಲ್ಲಿ ಕೇಳಿದ್ದು ಒಂದೇ ದೊಡ್ಡ ಪ್ರಶ್ನೆ. "ಹಣ ಕೊಟ್ಟವರು ಯಾರು? ನಿಮ್ಮ ಊಹೆಯನ್ನೂ ಅದಕ್ಕೆ ಆಧಾರವಾದ ಒಂದು ಸಾಲನ್ನೂ ಚೀಟಿಯಲ್ಲಿ ಬರೆಯಿರಿ." ಮಡಚಿ ಡಬ್ಬಿಯಲ್ಲಿ ಹಾಕಿದೆವು. 39 ಮುಗಿದ ಮೇಲೆ ತೆಗೆದೆವು. ಹನ್ನೊಂದರಲ್ಲಿ ಹತ್ತು ಚೀಟಿ ಪಿಪ್‌ನ ಊಹೆಯನ್ನೇ ಹೇಳಿದ್ದವು, ಅಂದರೆ ಮಿಸ್ ಹ್ಯಾವಿಶಮ್. ಆಗ ಕೇಳಿದೆ: "ನಮ್ಮನ್ನು ದಾರಿ ತಪ್ಪಿಸಿದವರು ಯಾರು?"

ಸಂಜೆ ಓದು

ಮಕ್ಕಳು ಏನಂದರು?

ಗಡಿಯಾರ ನಿಂತ ಮನೆ

ಮೊದಲು "ಡಿಕನ್ಸ್" ಅಂದರು. ಒಬ್ಬಳು ಮಾತ್ರ ತುಂಬಾ ಹೊತ್ತು ಸುಮ್ಮನಿದ್ದು "ಪಿಪ್" ಅಂದಳು. ಬರೆಯುವ ಹೊತ್ತಿಗೆ ಅವನಿಗೆ ಎಲ್ಲ ಗೊತ್ತಿತ್ತು, ಆದರೂ ಹೇಳಲಿಲ್ಲ, ತಾನು ಮೋಸಹೋದ ಹಾಗೇ ನಮ್ಮನ್ನೂ ಹೋಗಲು ಬಿಟ್ಟ ಅಂತ. ಹಳೇ ಪುಟ ಅವರು ಹೇಳಿದ ಇಬ್ಬರು ಪಿಪ್‌ಗಳ ಮಾತು ಅಲ್ಲಿ ತಾನಾಗಿ ಬಂತು. ಅದಕ್ಕೆ ನಾನು ಹೆಸರು ಇಡಲಿಲ್ಲ, ವಿವರಿಸಲೂ ಇಲ್ಲ. ಉಳಿದವರು ಹಿಂದಿನ ಪುಟಗಳಿಗೆ ಹೋಗಿ ಎಲ್ಲೆಲ್ಲಿ ಸುಳಿವು ಇತ್ತು ಅಂತ ಹುಡುಕತೊಡಗಿದರು. ಆವತ್ತು ಒಂದೂವರೆ ಗಂಟೆಗೆ ಎರಡೇ ಪ್ರಶ್ನೆ ಆದದ್ದು.

ಹದಿನೈದೂವರೆ

ನನಗೆ ಒಂದು ಒಪ್ಪಿಗೆಯಾಗುತ್ತಿಲ್ಲ. ನೀವೆಲ್ಲ ದೊಡ್ಡ ಪಿಪ್ ಬೆಳೆದಿದ್ದಾನೆ ಅಂತಲೇ ಇಟ್ಟುಕೊಂಡಿದ್ದೀರಿ. ಅವನು ತನ್ನನ್ನೇ ಬೈದುಕೊಳ್ಳುತ್ತಾನೆ, ಅದಕ್ಕೆ ಬೆಳೆದಿದ್ದಾನೆ ಅಂತ. ನನಗೆ ಅವನ ಮೇಲೆ ನಂಬಿಕೆ ಬರುವುದಿಲ್ಲ. ನಾವು ಬೈಯುವ ಮೊದಲೇ ಅವನೇ ಬೈದುಕೊಂಡುಬಿಟ್ಟರೆ ನಾವು ಅಯ್ಯೋ ಪಾಪ ಅನ್ನುತ್ತೇವೆ. ನಾನೂ ಅಮ್ಮನ ಹತ್ತಿರ ಹಾಗೆ ಮಾಡುತ್ತೇನೆ. ಜೋ ಹೊರಟುಹೋದ ಮೇಲೆ ಪಿಪ್ ಹೊರಗೆ ಓಡಿ ಹುಡುಕುತ್ತಾನೆ, ಸಿಗುವುದಿಲ್ಲ. ಓದುವಾಗ ನನಗೂ ಅಳು ಬಂತು. ಆದರೆ ಮುಂದಿನ ಅಧ್ಯಾಯದಲ್ಲಿ ಊರಿಗೆ ಹೋದಾಗ ಏನು ಮಾಡುತ್ತಾನೆ? ಮೊದಲು ಜೋನ ಮನೆಯಲ್ಲೇ ಉಳಿಯಬೇಕು ಅಂದುಕೊಳ್ಳುತ್ತಾನೆ, ಆಮೇಲೆ ಒಂದೊಂದೇ ನೆಪ ಹುಡುಕಿ ಛತ್ರದಲ್ಲಿ ಇಳಿದುಕೊಳ್ಳುತ್ತಾನೆ.

ಹಳೇ ಪುಟ

ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಆ 28ನೇ ಅಧ್ಯಾಯದಲ್ಲೇ ಅವನು, ತನಗೆ ತಾನೇ ಮೋಸ ಮಾಡಿಕೊಳ್ಳುವವನ ಮುಂದೆ ಉಳಿದ ಮೋಸಗಾರರು ಏನೂ ಅಲ್ಲ ಅನ್ನುತ್ತಾನೆ. ಅದನ್ನು ನಾನು ಬೆಳೆದ ಪಿಪ್‌ನ ಗುರುತು ಅಂತ ಓದುತ್ತಾ ಬಂದಿದ್ದೆ. ನೀನು ಹೇಳುವ ಹಾಗೆ ಓದಿದರೆ ಅದೂ ಒಂದು ಉಪಾಯ ಆಗಬಹುದು. ನನಗೆ ಮಾತ್ರ ಕೊನೆಯ ಭಾಗದಲ್ಲಿ ಅವನು ಬೈದುಕೊಳ್ಳುವುದು ಕಡಿಮೆಯಾಗಿ ಕೆಲಸ ಮಾಡುವುದು ಜಾಸ್ತಿಯಾಗುತ್ತದೆ ಅನ್ನಿಸುತ್ತದೆ. ಕಾಯಿಲೆಯವನ ಪಕ್ಕ ಕೂರುತ್ತಾನೆ, ಹರ್ಬರ್ಟ್‌ಗೆ ಗುಟ್ಟಾಗಿ ಮಾಡಿದ ಸಹಾಯವನ್ನು ಮುಗಿಸುತ್ತಾನೆ. ಇದನ್ನೇ ಬಳಗಕ್ಕೆ ಒಯ್ಯಿರಿ ಸಂಜೆ ಓದು ಅವರೇ: "ಪಿಪ್ ಬದಲಾದ ಅಂತ ಅವನು ಹೇಳುವುದನ್ನು ಬಿಟ್ಟು, ಅವನು ಮಾಡಿದ್ದನ್ನು ಮಾತ್ರ ನೋಡಿದರೆ, ಯಾವ ಪುಟದಲ್ಲಿ ಬದಲಾದ?" ಪ್ರಶ್ನೆ ಈ ಹುಡುಗಿಯದು.

ಮೇಷ್ಟ್ರು ಮನೆ

ಕೊನೆಯ ಭೇಟಿಗೆ ಎರಡು ಮುಕ್ತಾಯಗಳನ್ನೂ ಕೊಡುತ್ತೀರಾ? ಡಿಕನ್ಸ್ ಮೊದಲು ಬೇರೆ ಕೊನೆ ಬರೆದಿದ್ದ. ಅದರಲ್ಲಿ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲ್ಲಾ ಲಂಡನ್ ಬೀದಿಯಲ್ಲಿ ಒಂದು ಗಳಿಗೆ ಸಿಕ್ಕಿ ಬೇರೆಯಾಗುತ್ತಾರೆ. ಗೆಳೆಯ ಬುಲ್ವರ್ ಲಿಟ್ಟನ್ ಹೇಳಿದ ಮೇಲೆ ಬದಲಿಸಿದ. 1861ರಲ್ಲಿ ಅಚ್ಚಾದದ್ದು ಬದಲಿಸಿದ ಕೊನೆ. ಇದರ ಮೇಲೆ ಮಕ್ಕಳು ಚೆನ್ನಾಗಿ ವಾದ ಮಾಡುತ್ತಾರೆ.

ಗಡಿಯಾರ ನಿಂತ ಮನೆ

ನಾನು ಕೊಟ್ಟು ಕೈಸುಟ್ಟುಕೊಂಡೆ ಸರ್. ಇಬ್ಬರೂ ಸೇರಬೇಕಾ ಬೇಡವಾ ಅನ್ನುವುದೇ ಮಾತಾಯಿತು. ಜೋನನ್ನು ಎಲ್ಲರೂ ಮರೆತರು.

ಹಳೇ ಪುಟ

ನನಗೆ ಅದು ಬೇರೆ ಥರ ಆಯಿತು. ಮೊದಲ ಕೊನೆಯಲ್ಲಿ ಪಿಪ್ ಜೊತೆ ಇರುವುದು ಜೋ ಮತ್ತು ಬಿಡ್ಡಿಯ ಪುಟ್ಟ ಮಗ. ಅವನ ಹೆಸರೂ ಪಿಪ್. ಎಸ್ಟೆಲ್ಲಾ ಅದು ಇವನದೇ ಮಗು ಅಂದುಕೊಳ್ಳುತ್ತಾಳೆ, ಇವನು ತಿದ್ದುವುದಿಲ್ಲ. "ಯಾಕೆ ತಿದ್ದಲಿಲ್ಲ" ಅಂತ ಒಬ್ಬ ಹುಡುಗ ಕೇಳಿದ. ಅಲ್ಲಿಂದ ಮಾತು ಮತ್ತೆ ಜೋನ ಹತ್ತಿರ ಹೋಯಿತು. ಕೊಡುವುದಾದರೆ ಯಾವುದು ಚೆನ್ನ ಅಂತ ಕೇಳಬೇಡಿ ಅನ್ನುವುದಷ್ಟೇ ನನ್ನ ಮಾತು.

ಗಡಿಯಾರ ನಿಂತ ಮನೆ

ಇರಬಹುದು. ನಾನು ಇನ್ನೊಮ್ಮೆ ಕೊಡುವ ಧೈರ್ಯ ಮಾಡುವುದಿಲ್ಲ.

ಸಂಜೆ ಓದು

ಶನಿವಾರ ಆಯಿತು, ಹೇಳಲೇಬೇಕು. ಹನ್ನೆರಡರ ಬದಲು ಎರಡೇ ಪ್ರಶ್ನೆ ಒಯ್ದೆ. ಗುರುತು ಹಾಕುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. 'ಸರ್' ಶುರುವಾದದ್ದು ಎಲ್ಲಿ ಅಂತ ಇಬ್ಬರು ಒಂದೇ ಪುಸ್ತಕದ ಮೇಲೆ ಬಾಗಿ ಬೆರಳಿಟ್ಟು ಜಗಳವಾಡಿದರು, ನನ್ನ ಕಡೆ ನೋಡಲೂ ಇಲ್ಲ. ಮೊದಲ ಸಲ "ತಪ್ಪು" ಅಂದಿದ್ದ ಹುಡುಗಿಯೇ ಈ ಸಲ, ಜೋ ಕೂಡ ಸ್ವಲ್ಪ ಸುಮ್ಮನಿದ್ದು ಟೋಪಿ ಕೈಯಲ್ಲೇ ಇಟ್ಟುಕೊಳ್ಳಬಹುದಿತ್ತು ಅಂದಳು. ನನಗೆ ಬೇಜಾರಾಯಿತು, ಜೋನ ಪರವಾಗಿ ಮಾತಾಡಬೇಕು ಅನ್ನಿಸಿತು. ಮೂರು ಸೆಕೆಂಡ್ ಎಣಿಸಿದೆ. ಅಷ್ಟರಲ್ಲಿ ಪಕ್ಕದವನು, ಕೈಯಲ್ಲಿ ಟೋಪಿ ಇದ್ದರೆ ಈಗಲೇ ಹೊರಡುವವನ ಹಾಗೆ ಕಾಣುತ್ತಾನೆ, ಅವನಿಗೆ ಉಳಿಯಬೇಕು ಅಂತ ಆಸೆ, ಅದಕ್ಕೇ ಇಡಲು ಜಾಗ ಹುಡುಕುತ್ತಿದ್ದಾನೆ ಅಂದ. ಇಷ್ಟು ಸಲ ಓದಿದ್ದೇನೆ, ನನಗೆ ಇದು ಕಂಡಿರಲಿಲ್ಲ.

ಡ್ರಮ್ಮಲ್ ಪ್ರಶ್ನೆಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಕಾದೆ, ತುಂಬಾ ಹೊತ್ತೇ ಕಾದೆ. ಕೊನೆಗೆ ಕಾಡುಮಲ್ಲಿಗೆ ಅವರು ಹೇಳಿದ ಹಾಗೆ ಚೀಟಿ ಕೊಟ್ಟೆ. ಒಂಬತ್ತೂ ಜನ ಬರೆದರು, ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಪ್ರಶ್ನೆ ಸೋತಿತೋ ಗೆದ್ದಿತೋ ನನಗೆ ಗೊತ್ತಾಗಲಿಲ್ಲ.

ಹದಿನೈದೂವರೆ

ಒಂಬತ್ತೂ ಜನ ಬರೆದರಲ್ಲ ಅಕ್ಕಾ.